ಆವಕ ಬಂದರೂ ಬೆಲೆ ಬೀಳದ ಸಂತೆ

ಬಾಹ್ಯಾಕಾಶ ವ್ಯಾಪಾರದ ವಿಡಿಯೋ ಗೇಮುಗಳನ್ನು ಹೊಗಳುವವರ ಬಾಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಇವು ಆಡುವವರಿಗೆ ಪೂರೈಕೆ ಮತ್ತು ಬೇಡಿಕೆಯ ಪಾಠ ಹೇಳಿಕೊಡುತ್ತವೆ ಅಂತ. ಒಂದು ನಿಲ್ದಾಣದಲ್ಲಿ ಅಗ್ಗಕ್ಕೆ ಕೊಂಡು ಇನ್ನೊಂದರಲ್ಲಿ ತುಟ್ಟಿಗೆ ಮಾರುವುದು, ಮಾರಿ ದೊಡ್ಡ ಹಡಗು ಕೊಳ್ಳುವುದು. ಇದು ಮಾರುಕಟ್ಟೆಯಲ್ಲದೆ ಇನ್ನೇನು ಎಂದು ಅವರು ಕೇಳುತ್ತಾರೆ. ಹೀಗೆ ಹೇಳುವವರು ಸಾಮಾನ್ಯವಾಗಿ ಎಲ್ಲಕ್ಕಿಂತ ಮೊದಲು ತೋರಿಸುವುದು 1984ರ ‘ಎಲೀಟ್’ ಆಟವನ್ನು. ಡೇವಿಡ್ ಬ್ರಾಬೆನ್ ಮತ್ತು ಇಯಾನ್ ಬೆಲ್ ಬಿಬಿಸಿ ಮೈಕ್ರೋ ಕಂಪ್ಯೂಟರಿಗಾಗಿ ಬರೆದ ಆಟ ಅದು. ಅದರ ದರಪಟ್ಟಿ ಹೇಗೆ ಹುಟ್ಟುತ್ತದೆ ಎಂಬುದು ಗುಟ್ಟಲ್ಲ. ಬೆಲ್ ಮುಂದೆ ಆ ಲೆಕ್ಕವನ್ನು ಸಿ ಭಾಷೆಯಲ್ಲಿ ಬರೆದು ಎಲ್ಲರ ಮುಂದಿಟ್ಟರು. ತಿರುಳು ಇಷ್ಟೇ:

```
price = (base + rnd + economy * gradient) * 4
stock =  base_qty + rnd - economy * gradient
```

ಪ್ರತಿ ಗ್ರಹದ ಆರ್ಥಿಕತೆಗೆ ಒಂದು ಅಂಕಿ: ಶ್ರೀಮಂತ ಕೈಗಾರಿಕಾ ಗ್ರಹಕ್ಕೆ 0, ಬಡ ಕೃಷಿ ಗ್ರಹಕ್ಕೆ 7, ಉಳಿದವು ನಡುವೆ. ಪ್ರತಿ ಸರಕಿಗೆ ಒಂದು ಮೂಲ ಬೆಲೆ, ಒಂದು ಇಳಿಜಾರು. ಆಹಾರದ ಮೂಲ ಬೆಲೆ 19, ಇಳಿಜಾರು -2. ಅಂದರೆ ಗ್ರಹ ಹೆಚ್ಚು ಹೆಚ್ಚು ಕೃಷಿಯದಾದಂತೆ ಆಹಾರ ಅಗ್ಗ. ಕಂಪ್ಯೂಟರಿನ ಮೂಲ ಬೆಲೆ 154, ಇಳಿಜಾರು 14. ಅದು ಹಳ್ಳಿಗಾಡಿನ ಗ್ರಹದಲ್ಲಿ ತುಟ್ಟಿ. ಬರುವ ಉತ್ತರ ಕ್ರೆಡಿಟ್ಟಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿರುತ್ತದೆ.

ಆಟ ಶುರುವಾಗುವುದು ಲೇವ್ ಎಂಬ ಗ್ರಹದಲ್ಲಿ. ಅದರ ಅಂಕಿ 5. ಹತ್ತಿರದ ಝಾವೋನ್ಸ್ ಕೈಗಾರಿಕೆಯದು, ಅಂಕಿ 1. ಯಾದೃಚ್ಛಿಕ ಅಂಶವನ್ನು ಸೊನ್ನೆ ಎಂದಿಟ್ಟರೆ ಲೇವ್‌ನಲ್ಲಿ ಒಂದು ಟನ್ ಆಹಾರಕ್ಕೆ 3.6 ಕ್ರೆಡಿಟ್, ಝಾವೋನ್ಸ್‌ನಲ್ಲಿ 6.8. ಕಂಪ್ಯೂಟರ್ ಝಾವೋನ್ಸ್‌ನಲ್ಲಿ 67.2, ಲೇವ್‌ನಲ್ಲಿ 89.6. ಕೈಯಲ್ಲಿ 100 ಕ್ರೆಡಿಟ್ ಇರುವ ಹೊಸಬ ಮೊದಲು ಆಹಾರ ಹೊರುತ್ತಾನೆ. ಆಮೇಲೆ 20 ಟನ್ನಿನ ಹಡಗಿನ ತುಂಬ ಕಂಪ್ಯೂಟರ್ ಹೇರಿಕೊಂಡು ಬಂದರೆ ಒಂದು ಸಲಕ್ಕೆ 448 ಕ್ರೆಡಿಟ್ ಲಾಭ. ಮರುದಿನವೂ ಅಷ್ಟೇ. ನೂರನೆಯ ಸಲವೂ ಹೆಚ್ಚೂಕಡಿಮೆ ಅಷ್ಟೇ.

ತಕರಾರು ಶುರುವಾಗುವುದು ಇಲ್ಲಿಂದ. ಮೇಲಿನ ಸೂತ್ರದಲ್ಲಿ ಆಡುವವನು ಎಲ್ಲಿದ್ದಾನೆ? ಎಲ್ಲಿಯೂ ಇಲ್ಲ. ಅವನು ಎಷ್ಟು ಟನ್ ತಂದು ಸುರಿದ ಎಂಬ ಅಂಕಿ ಬೆಲೆಯ ಲೆಕ್ಕಕ್ಕೆ ಸೇರುವುದೇ ಇಲ್ಲ. ಲೇವ್‌ನಲ್ಲಿ ಕಂಪ್ಯೂಟರಿನ ದಾಸ್ತಾನು ಸೂತ್ರದ ಪ್ರಕಾರ ಯಾವಾಗಲೂ ಸೊನ್ನೆ. ಸಾವಿರ ಟನ್ ಮಾರಿ ಹೋಗಿ ಮತ್ತೆ ಬಂದರೂ ಸೊನ್ನೆಯೇ. ಆ ಕಂಪ್ಯೂಟರುಗಳನ್ನು ಯಾರು ಕೊಂಡರು, ಅವು ಎಲ್ಲಿ ಹೋದವು ಎಂದು ಕೇಳುವ ಹಾಗಿಲ್ಲ. ಎಪಿಎಂಸಿಯಲ್ಲಿ ಟೊಮೇಟೊ ಆವಕ ಹೆಚ್ಚಿದ ದಿನ ದರ ಏನಾಗುತ್ತದೆ ಎಂದು ಬಲ್ಲ ಯಾವ ರೈತನೂ ಇದನ್ನು ಮಾರುಕಟ್ಟೆ ಎಂದು ಕರೆಯಲಾರ. ಇಲ್ಲಿರುವುದು ಭೂಪಟಕ್ಕೆ ಅಂಟಿಸಿದ ಸಾಗಾಟದ ಕೂಲಿ. ಬೆಲೆಯ ವ್ಯತ್ಯಾಸ ಎಂಬುದು ಹಡಗು ಓಡಿಸಿದ್ದಕ್ಕೆ ಕೊಡುವ ಬಾಡಿಗೆ, ಅಷ್ಟೆ.

ಸೂತ್ರವನ್ನು ಇನ್ನೊಮ್ಮೆ ನೋಡಿದರೆ ಇನ್ನೂ ವಿಚಿತ್ರವಾದದ್ದು ಕಾಣುತ್ತದೆ. ಗ್ರಹದ ಅಂಕಿಯಿಂದ ಬರುವ ಭಾಗವೇನೋ ಸರಿಯಾಗಿದೆ: ಬೆಲೆ ಏರುವಲ್ಲಿ ದಾಸ್ತಾನು ಇಳಿಯುತ್ತದೆ. ಆದರೆ ಯಾದೃಚ್ಛಿಕ ಅಂಶವನ್ನು ಎರಡಕ್ಕೂ ಕೂಡಿಸಲಾಗಿದೆ. ಹಾಗಾಗಿ ಒಂದೇ ನಿಲ್ದಾಣದಲ್ಲಿ ಒಂದು ದಿನ ಸರಕು ತುಸು ಹೆಚ್ಚಿದ್ದರೆ ಆ ದಿನ ಬೆಲೆಯೂ ತುಸು ಹೆಚ್ಚು! ಮಾದಕವಸ್ತುವಿನ ಸಾಲಂತೂ ಪೂರ್ತಿ ಹಳಿ ತಪ್ಪಿದೆ. ಮೂಲ ಬೆಲೆ 235, ಇಳಿಜಾರು 29. ಲೇವ್‌ನಲ್ಲಿ ಕೂಡಿದರೆ 380. ಒಂದು ಬೈಟಿನಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದು, ಆದ್ದರಿಂದ 256 ಕಳೆದು 124 ಉಳಿಯುತ್ತದೆ. 152 ಕ್ರೆಡಿಟ್ ಆಗಬೇಕಿದ್ದ ಸರಕು 49.6ಕ್ಕೆ ಸಿಗುತ್ತದೆ. ಬರೀ ಬೈಟು ಉಕ್ಕಿ ಹರಿದದ್ದು ಇದು. ಆಡಿದವರಿಗೆ ಕಳ್ಳಸಾಗಣೆಯ ಏರುಪೇರಿನಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಬ್ರಾಬೆನ್ ಮತ್ತು ಬೆಲ್ ಅವರನ್ನು ದೂರಿ ಫಲವಿಲ್ಲ. 32 ಕಿಲೋಬೈಟ್ ಮೆಮೊರಿಯ ಯಂತ್ರದಲ್ಲಿ ತಲಾ 256 ಗ್ರಹಗಳ ಎಂಟು ಗೆಲಾಕ್ಸಿಗಳನ್ನು ಕೂರಿಸಬೇಕಿತ್ತು. ಪ್ರತಿ ಗ್ರಹದ ದಾಸ್ತಾನನ್ನು ನೆನಪಿಟ್ಟುಕೊಳ್ಳಲು ಜಾಗವೇ ಇರಲಿಲ್ಲ. ಅವರು ಮಾಡಿದ್ದು ಜಾಣತನದ ಕೆಲಸ. ದೂರಬೇಕಾದದ್ದು ಜಾಗದ ಕೊರತೆ ನೀಗಿದ ಮೇಲೂ ಅದೇ ಸ್ಥಿರ ವ್ಯತ್ಯಾಸವನ್ನು ಇಟ್ಟುಕೊಂಡು, ಪೆಟ್ಟಿಗೆಯ ಮೇಲೆ ‘ಜೀವಂತ ಅರ್ಥವ್ಯವಸ್ಥೆ’ ಎಂದು ಬರೆಯುವವರನ್ನು.

ಬೆಲೆ ಸರಕಿಗೆ ಸ್ಪಂದಿಸಿದರೆ ಆಟ ಎಷ್ಟು ಬದಲಾಗುತ್ತದೆ ಎಂಬುದನ್ನು ಅದೇ ಕಂಪ್ಯೂಟರುಗಳಿಂದ ನೋಡಬಹುದು. ಕೊಳ್ಳುವ ಪ್ರತಿ ಟನ್ನಿಗೆ ಝಾವೋನ್ಸ್‌ನಲ್ಲಿ ದರ ಒಂದು ಕ್ರೆಡಿಟ್ ಏರಲಿ, ಮಾರುವ ಪ್ರತಿ ಟನ್ನಿಗೆ ಲೇವ್‌ನಲ್ಲಿ ಒಂದು ಕ್ರೆಡಿಟ್ ಇಳಿಯಲಿ. ಮೊದಲ ಟನ್ನಿನ ಲಾಭ 22.4, ಎರಡನೆಯದರದು 20.4, ಮೂರನೆಯದರದು 18.4. ಹನ್ನೆರಡನೆಯ ಟನ್ನಿಗೆ ಬರುವಾಗ ಉಳಿಯುವುದು 0.4, ಹದಿಮೂರನೆಯದು ನಷ್ಟ. 20 ಟನ್ ತುಂಬಿಕೊಂಡು ಹೋದವನಿಗೆ ಸಿಗುವ ಒಟ್ಟು ಲಾಭ 68 ಕ್ರೆಡಿಟ್. 12 ಟನ್ನಿಗೆ ನಿಲ್ಲಿಸಿದವನಿಗೆ 136.8. ಹಡಗಿನಲ್ಲಿ ಎಂಟು ಟನ್ ಜಾಗ ಖಾಲಿ ಬಿಟ್ಟವನು ದುಪ್ಪಟ್ಟು ಗಳಿಸಿದ. ಈಗ ಆಡುವವನ ಮುಂದೆ ನಿಜವಾದ ಪ್ರಶ್ನೆಗಳಿವೆ: ಉಳಿದ ಜಾಗಕ್ಕೆ ಯಾವ ಸರಕು? ಬಿದ್ದ ದರ ಏಳುವ ತನಕ ಕಾಯುವುದೋ, ಮೂರನೆಯ ನಿಲ್ದಾಣ ಹುಡುಕುವುದೋ? ದೊಡ್ಡ ಹಡಗು ಕೊಂಡರೆ ಇದೇ ದಾರಿಯಲ್ಲಿ ಲಾಭ ಹೆಚ್ಚುತ್ತದೆಯೇ? ಹೆಚ್ಚುವುದಿಲ್ಲ. ಹಳೆಯ ಸೂತ್ರದಲ್ಲಿ ಇವುಗಳಲ್ಲಿ ಒಂದೂ ಏಳುವುದಿಲ್ಲ. ಅಲ್ಲಿ ದೊಡ್ಡ ಹಡಗೇ ಎಲ್ಲಕ್ಕೂ ಉತ್ತರ.

ಈ ದಾರಿಯಲ್ಲಿ ದೂರ ಹೋದದ್ದು ಜರ್ಮನಿಯ ಎಗೋಸಾಫ್ಟ್ ಕಂಪನಿಯ ‘ಎಕ್ಸ್’ ಸರಣಿ. 2018ರ ‘ಎಕ್ಸ್4’ನಲ್ಲಿ ನಿಲ್ದಾಣದ ಬೆಲೆಗೆ ಒಂದು ಕನಿಷ್ಠ, ಒಂದು ಗರಿಷ್ಠ ಇರುತ್ತದೆ. ಉಗ್ರಾಣ ತುಂಬಿದಂತೆ ದರ ಕೆಳಕ್ಕೆ, ಖಾಲಿಯಾದಂತೆ ಮೇಲಕ್ಕೆ. ಸರಕು ಎಲ್ಲಿಂದಲೋ ಉದುರುವುದಿಲ್ಲ. ಕಾರ್ಖಾನೆ ತಯಾರಿಸಬೇಕು, ಹಡಗು ಹೊರಬೇಕು, ದಾರಿಯಲ್ಲಿ ಹಡಗು ಸುಟ್ಟರೆ ಅತ್ತಲಿನ ನಿಲ್ದಾಣದಲ್ಲಿ ನಿಜವಾಗಿ ಕೊರತೆ ಬೀಳಬೇಕು.

ಇದಕ್ಕೆ ಎದುರು ವಾದ ಇಲ್ಲದಿಲ್ಲ. ವ್ಯತ್ಯಾಸ ಮುಚ್ಚುವ ಹಾಗೆ ಮಾಡಿದರೆ ಒಂದು ದಿನ ಅದು ಮುಚ್ಚಿಯೇ ಹೋಗುತ್ತದೆ, ಆಗ ವ್ಯಾಪಾರಿಗೆ ಕೆಲಸವೇ ಇರದು ಎನ್ನುತ್ತಾರೆ ಹಳೆಯ ಸೂತ್ರದವರು. ಮಾತು ನಿಜ. ಎಕ್ಸ್4ನಲ್ಲಿ ಜಗಳವಿಲ್ಲದ ಮೂಲೆಗಳಲ್ಲಿ ಉಗ್ರಾಣಗಳು ತುಂಬುತ್ತವೆ, ಕೊಳ್ಳುವವರಿಲ್ಲದೆ ಕಾರ್ಖಾನೆಗಳು ಉತ್ಪಾದನೆ ನಿಲ್ಲಿಸುತ್ತವೆ. ಅಲ್ಲಿ ಬೇಡಿಕೆಯನ್ನು ಮುಖ್ಯವಾಗಿ ಜೀವಂತ ಇಡುವುದು ಯುದ್ಧ: ನಾಶವಾದ ಹಡಗಿನ ಬದಲು ಹೊಸದನ್ನು ಕಟ್ಟಬೇಕು, ಅದಕ್ಕೆ ಬಿಡಿಭಾಗ ಬೇಕು. ಆದರೆ ಇದು ಸೂತ್ರವನ್ನು ಬಿಡಲು ಕಾರಣವಲ್ಲ, ಆಟ ಕಟ್ಟುವವರು ಬಳಕೆಯ ಕಡೆಯನ್ನೂ ಬರೆಯಬೇಕೆಂಬುದಕ್ಕೆ ಕಾರಣ. ಲೇವ್‌ನ ಜನ ದಿನಕ್ಕೆ ನಾಲ್ಕು ಟನ್ ಕಂಪ್ಯೂಟರ್ ಬಳಸುತ್ತಾರೆ ಎಂದು ಒಂದು ಸಾಲು ಬರೆದರೆ, 12 ಟನ್ನಿಂದ ಬಿದ್ದ ದರ ಮೂರು ದಿನಕ್ಕೆ ಮೊದಲಿನ ಮಟ್ಟಕ್ಕೆ ಏಳುತ್ತದೆ. ನಾಲ್ಕನೆಯ ದಿನ ಬಂದವನಿಗೆ ಪೂರ್ತಿ ಲಾಭ. ಎರಡನೆಯ ದಿನವೇ ಬೇರೊಬ್ಬ ಬಂದು ಮಾರಿ ಹೋಗಿದ್ದರೆ ಅವನಿಗೆ ಅದು ದರಪಟ್ಟಿ ನೋಡಿದ ಕೂಡಲೇ ಗೊತ್ತಾಗುತ್ತದೆ.