ಅವ್ವನ ಕುಬಸಕ್ಕೊಂದು ಖಣ

ಈ ತಿಂಗಳು ಊರಿಗೆ ಬರೆದ ನಮ್ಮ ಕಾಗದವನ್ನೇ ಇಲ್ಲಿ ಕೊಡುತ್ತಿದ್ದೇವೆ. ಮನಸ್ಸು ಅಕ್ಕ-ತಂಗಿ ಇಬ್ಬರದ್ದು, ಬರೆದ ಕೈ ಹಿರಿಮಗಳದ್ದು. ಇಂಥ ಅವ್ವ ನಿಮ್ಮ ಮನೆಯಲ್ಲೂ ಇದ್ದಾರು.

ಅವ್ವಾ,

ಹೋದ ಶುಕ್ರವಾರ ವಿಡಿಯೊದಾಗ ನಿನ್ನ ನೋಡಿ, "ಅದೇ ಬೂದಿ ಬಣ್ಣದ ಸೀರಿ ಏನ?" ಅಂತ ತಂಗಿ ಕೇಳಿದ್ಲು. ಅದೇ ಅಲ್ಲ, ಅಂಥಾದ್ದೇ ಇನ್ನೊಂದು.

ಅಪ್ಪ ಹೋಗಿ ಒಂಬತ್ತು ವರ್ಷ ಆತು. ಅವತ್ತಿನಿಂದ ನಿನ್ನ ಇಳಕಲ್ ಸೀರಿಗಳು ಟ್ರಂಕಿನಾಗ ಅದಾವ. ಮೈ ಯಾವ ಬಣ್ಣದ್ದಿದ್ದರೂ ಅವುಗಳ ಸೆರಗು ಕೆಂಪು. ಕೆಂಪು ಬ್ಯಾಡ ಅಂದಮೇಲೆ ಸೀರಿನೇ ಬ್ಯಾಡಾತು. ಹಾಗೆ ಅನ್ನಿಸಿದ್ದು ನಿನಗೋ, ಓಣಿ ಮಂದಿಗೋ, ನಾವು ಒಂದು ದಿನಾನೂ ಕೇಳಲಿಲ್ಲ. ಅದು ನಮ್ಮ ತಪ್ಪು.

ಒಮ್ಮೆಲೇ ಸೆರಗಿಗೆ ಹೋಗೋದು ಬ್ಯಾಡ. ಕುಬಸದಿಂದ ಶುರು ಮಾಡೋಣ. ಬೂದಿ ಸೀರಿ ಹಾಗೇ ಇರಲಿ, ಅದರ ಜೋಡಿ ಗುಳೇದಗುಡ್ಡದ ಖಣದ ಕುಬಸ ತೊಡು. ಕುಬಸದ ಬಹುಪಾಲು ಸೆರಗಿನ ಕೆಳಗೇ ಇರ್ತದ. ಹೊರಗ ಕಾಣೋದು ತೋಳು, ಬೆನ್ನು ಅಷ್ಟೆ. ಮನಸ್ಸು ಒಗ್ಗಲಿಕ್ಕೆ ಅಷ್ಟು ಬಣ್ಣ ಸಾಕು.

ಬರೋ ತಿಂಗಳು ತಂಗಿ ರಜೆಗೆ ಬರ್ತಾಳ, ಇಬ್ಬರೂ ಕೂಡಿ ಹೋಗಿ ತರ್ರಿ. ಖಣವನ್ನು ತಿರುವಿ ಹಿಂಭಾಗ ನೋಡು. ನೇಯ್ದ ಹೂವಾದರೆ ಹಿಂದೆಯೂ ನೂಲು ಓಡಿದ್ದು ಕಾಣ್ತದ. ಮೇಲೆ ಅಚ್ಚು ಹಾಕಿದ್ದಾದರೆ ಹಿಂಭಾಗ ಮಂಕಾಗಿರ್ತದ. ಬಣ್ಣ ಮಾತ್ರ ಅಂಗಡಿಯ ಲೈಟಿನಾಗ ಒಪ್ಪಬ್ಯಾಡ. ಬಾಗಿಲಿಗೆ ತಂದು ಗದ್ದದ ಕೆಳಗ ಹಿಡಿದು, ಬಿಸಿಲಾಗ ನೋಡು. ಹಾಸಿಗೆ ಒಂದು ಬಣ್ಣ, ಹೊಕ್ಕಿಗೆ ಇನ್ನೊಂದು ಹಾಕಿದ ಖಣ ಇದ್ದರೆ ಅಲ್ಲಾಡಿಸಿದಾಗ ಬಣ್ಣ ಹೊರಳ್ತದ. ನೀ ಬರೀ ಹಸಿರು ಅಂದುಕೊಂಡದ್ದು ಅಲ್ಲಿ ನವಿಲಿನ ಕುತ್ತಿಗೆ ಆಗಿರಬಹುದು. ನಿನ್ನ ಬೂದಿ ಸೀರಿಗೆ ಅದೇ ಒಪ್ಪತದ ಅಂತ ತಂಗಿ ವಾದ. ದಾಳಿಂಬರಿ ಕೆಂಪು ಅಂತ ನಾ. ನೀ ನಮ್ಮಿಬ್ಬರ ಮಾತೂ ಕೇಳಬ್ಯಾಡ.

ಹೊಲಿಯಲಿಕ್ಕೆ ಕೊಡುವ ಮುಂಚೆ ಒಂದು ಮೂಲೆ ನೆನೆಸಿ, ಬಿಳಿ ಕರವಸ್ತ್ರದಾಗ ಒತ್ತಿ ಹಿಂಡು. ಕರವಸ್ತ್ರಕ್ಕೆ ಬಣ್ಣ ಹತ್ತಿದರೆ, ಬೆವರಿದಾಗ ಕಂಕುಳ ಹತ್ತಿರ ನಿನ್ನ ತಿಳಿ ಬಣ್ಣದ ಸೀರಿಗೂ ಹತ್ತತದ. ಆಗ "ಬಣ್ಣದ ಬಟ್ಟಿ ನನಗ ಆಗಿಬರಂಗಿಲ್ಲ" ಅಂತ ಮತ್ತ ಟ್ರಂಕು ತೆಗೀತಿ, ಅದೇ ನಮಗ ಅಂಜಿಕೆ. ಹಂಗ ಬಿಟ್ಟರೆ ಬಣ್ಣ ಬಿಡೋದು ನಿಲ್ಲೋತನಕ ತಣ್ಣೀರಾಗ ಬ್ಯಾರೇನೇ ಒಗಿ, ನೆರಳಾಗ ಒಣಗಿಸು, ಆಮೇಲೆ ಹೊಲಿಸು.

ನಿನಗ ಬ್ಯಾಡ ಅನ್ನಿಸಿದರೆ ಬ್ಯಾಡ ಅನ್ನು, ನಾವು ಬೇಸರ ಮಾಡಂಗಿಲ್ಲ. ಮಂದಿ ಏನಂದಾರು ಅಂತ ಮಾತ್ರ ಬ್ಯಾಡ ಅನಬ್ಯಾಡ.

ತಂಗಿ ಬರೋದ್ರೊಳಗ ಅಳತಿಗೆ ಒಂದು ಹಳೇ ಕುಬಸ ತೆಗೆದಿಟ್ಟಿರು.