ಕೈಗಡಿಯಾರ ಸಾಕ್ಷಿ ಹೇಳಬಲ್ಲುದೇ?



ಈ ನಗರದ ಒಂದು ದೊಡ್ಡ ಹೋಟೆಲಿನಲ್ಲಿ ಕೋಣೆ ಸ್ವಚ್ಛ ಮಾಡುವ ನಮ್ಮ ಹೆಣ್ಣುಮಕ್ಕಳು ಮುಟ್ಟಿನ ದಿನ ರಜೆ ಕೇಳಿದರೆ, "ನಿನ್ನ ವಾಚಿನಲ್ಲಿ ಏನು ತೋರಿಸುತ್ತದೆ, ಫೋನು ತೆಗೆ ನೋಡೋಣ" ಎಂದು ಮೇನೇಜರು ಕೇಳುವ ಕಾಲ ಬಂದಿದೆ. ಕಂತಿನಲ್ಲಿ ಕೊಂಡ ಸ್ಮಾರ್ಟ್‌ವಾಚು ಇಂದು ನಮ್ಮವರಲ್ಲಿ ಅನೇಕರ ಕೈಯಲ್ಲಿದೆ. ಅದರಲ್ಲಿ ಮುಟ್ಟಿನ ಲೆಕ್ಕ ಇಡುವ ಪುಟವೂ ಇದೆ. ವಾಚು "ಇನ್ನೂ ನಾಲ್ಕು ದಿನ ಇದೆ" ಎಂದು ತೋರಿಸಿದರೆ ಹೆಣ್ಣುಮಗಳು ಸುಳ್ಳುಗಾತಿ, ವಾಚು ಸತ್ಯಹರಿಶ್ಚಂದ್ರ! ಈ ನ್ಯಾಯವನ್ನು ನಾವು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ ಎಂಬುದನ್ನು ಬರಿಯ ಸಿಟ್ಟಿನಿಂದ ಹೇಳದೆ, ಆ ಯಂತ್ರ ಏನು ಬಲ್ಲದು, ಏನನ್ನು ಅರಿಯದು ಎಂಬುದನ್ನು ಬಿಡಿಸಿಯೇ ಹೇಳುತ್ತೇವೆ.

ಮೊದಲನೆಯ ಮಾತು. ಕಡಮೆ ಬೆಲೆಯ ವಾಚುಗಳಲ್ಲಿ ಹೆಚ್ಚಿನವು ಮೈಯನ್ನು ನೋಡಿ ಏನನ್ನೂ ಹೇಳುವುದಿಲ್ಲ. ನೀವು ಹಿಂದಿನ ಮುಟ್ಟಿನ ತಾರೀಕುಗಳನ್ನು ಬರೆದರೆ ಅದು ಸರಾಸರಿ ತೆಗೆದು ಮುಂದಿನ ತಾರೀಕನ್ನು ಹೇಳುತ್ತದೆ, ಅಷ್ಟೆ. ನಮ್ಮ ಅಜ್ಜಿಯರು ಗೋಡೆಯ ಮೇಲೆ ಮಸಿಯಿಂದ ಗೀಟು ಹಾಕಿ ಇಡುತ್ತಿದ್ದ ಲೆಕ್ಕಕ್ಕೂ ಇದಕ್ಕೂ ಬಹಳ ಅಂತರವಿಲ್ಲ. ರಾತ್ರಿ ಕಟ್ಟಿಕೊಳ್ಳದೆ ಮೇಜಿನ ಮೇಲಿಟ್ಟು ಮಲಗಿದರೂ ಅದು ಎಂದಿನಂತೆ ಭವಿಷ್ಯ ನುಡಿಯುತ್ತದೆ; ಅದು ಕೂಡಿಸಿ ಭಾಗಿಸುವ ಲೆಕ್ಕವೇ ಹೊರತು ಬೇರೇನೂ ಅಲ್ಲ.

ಎರಡನೆಯ ಜಾತಿ ಚರ್ಮದ ಶಾಖವನ್ನು ಅಳೆಯುವ ದುಬಾರಿ ವಾಚುಗಳದು. ಆ್ಯಪಲ್ ಕಂಪನಿ 2022ರಲ್ಲಿ ತನ್ನ ಎಂಟನೆಯ ಸರಣಿಯ ವಾಚಿನಲ್ಲಿ ಇದನ್ನು ತಂದಿತು. ಇದರ ಹಿಂದಿರುವ ದೇಹಧರ್ಮ ನಿಜವಾದುದು, ಹಳೆಯದೂ ಹೌದು. ಹೆಣ್ಣಿನ ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಎಂಬ ರಸ ಮೈಯಲ್ಲಿ ಹೆಚ್ಚುತ್ತದೆ. ಅದರಿಂದ ಮೈಯ ಶಾಖ ಸುಮಾರು ಅರ್ಧ ಡಿಗ್ರಿಯೊಳಗೆ, ಸೆಲ್ಸಿಯಸ್ ಲೆಕ್ಕದಲ್ಲಿ, ಏರಿ ಮುಂದಿನ ಮುಟ್ಟಿನವರೆಗೆ ಹಾಗೆಯೇ ನಿಲ್ಲುತ್ತದೆ. ಆ ವಾಚು ನಿದ್ದೆಯ ಹೊತ್ತಿನಲ್ಲಿ ಐದು ಸೆಕೆಂಡಿಗೊಮ್ಮೆ ಶಾಖವನ್ನು ನೋಡುತ್ತದೆ. ಅದು ಜ್ವರ ನೋಡುವ ಥರ್ಮಾಮೀಟರಿನಂತೆ ಇಷ್ಟು ಡಿಗ್ರಿ ಎಂದು ಹೇಳುವುದಿಲ್ಲ. ನಿಮ್ಮ ವಾಡಿಕೆಯ ಮಟ್ಟಕ್ಕಿಂತ ಎಷ್ಟು ಮೇಲು, ಎಷ್ಟು ಕೆಳಗು ಎಂದಷ್ಟೇ ತೋರಿಸುತ್ತದೆ. ಆ ವಾಡಿಕೆಯ ಮಟ್ಟ ಗೊತ್ತಾಗುವುದಕ್ಕೇ ಸುಮಾರು ಐದು ರಾತ್ರಿ, ಪ್ರತಿ ರಾತ್ರಿ ನಾಲ್ಕು ಗಂಟೆಗೆ ಕಡಮೆಯಿಲ್ಲದೆ, ನಿದ್ದೆಯ ಹೊತ್ತೆಂದು ಗುರುತು ಹಾಕಿ ವಾಚು ಕಟ್ಟಿ ಮಲಗಬೇಕು. ಅಂಡದ ದಿನವನ್ನು ಅಂದಾಜು ಮಾಡಲು ಸುಮಾರು ಎರಡು ತಿಂಗಳ ಸುತ್ತು ಬೇಕು.

ಇಲ್ಲಿ ಒಂದು ಪದವನ್ನು ಬಿಡದೆ ಹಿಡಿಯಬೇಕು: ಶಾಖ ಏರುವುದು ಅಂಡ ಬಿಡುಗಡೆಯಾದ ಮೇಲೆ. ಆದುದರಿಂದ ವಾಚು ಹೇಳುವುದು ಆಗಿ ಹೋದುದರ ಸುದ್ದಿಯೇ ಹೊರತು ಆಗಲಿರುವುದರ ಸುದ್ದಿಯಲ್ಲ. ಅದನ್ನು ಗರ್ಭನಿರೋಧದ ಸಾಧನವಾಗಿ ನಂಬಬಾರದು ಎಂದು ಆ ಕಂಪನಿಯೇ ಎಚ್ಚರಿಕೆ ಕೊಟ್ಟಿದೆ. ಆ ಎಚ್ಚರಿಕೆಯನ್ನು ಓದುವವರು ಎಷ್ಟು ಮಂದಿ?

ಲೆಕ್ಕ ಹಾಕಿಯೇ ನೋಡೋಣ. ರಾತ್ರಿಪಾಳಿಯಲ್ಲಿ ದುಡಿಯುವ ಒಬ್ಬ ಹೆಣ್ಣುಮಗಳ ಹಿಂದಿನ ನಾಲ್ಕು ಸುತ್ತು 28, 31, 27, 30 ದಿನಗಳು ಎನ್ನಿ. ಕೂಡಿಸಿದರೆ 116, ಸರಾಸರಿ 29. ಮುಟ್ಟಿನ ಮೊದಲ ದಿನವನ್ನು ಒಂದೆಂದು ಎಣಿಸಿದರೆ ವಾಚು ಹೀಗೆ ಹೇಳುತ್ತದೆ: ಅಂಡ ಬಿಡುಗಡೆ 15ನೆಯ ದಿನ, ಮುಂದಿನ ಮುಟ್ಟು 30ನೆಯ ದಿನ. ಗಂಡಿನ ವೀರ್ಯಾಣು ಹೆಣ್ಣಿನ ಮೈಯಲ್ಲಿ ಐದು ದಿನದವರೆಗೆ ಬದುಕಬಲ್ಲುದು, ಅಂಡ ಹೆಚ್ಚೆಂದರೆ ಒಂದು ದಿನ. ಆದುದರಿಂದ ಗರ್ಭ ನಿಲ್ಲಬಹುದಾದ ದಿನಗಳು 10ರಿಂದ 15ರವರೆಗೆ ಎಂದು ಅದು ಬಣ್ಣ ಬಳಿದು ತೋರಿಸುತ್ತದೆ. 16ನೆಯ ದಿನದಿಂದ ಬಣ್ಣವಿಲ್ಲ. ಅವಳು ಅದನ್ನು ಅಭಯವೆಂದು ತಿಳಿಯುತ್ತಾಳೆ.

ಆದರೆ ಈ ತಿಂಗಳು ಅವಳ ಪಾಳಿ ಬದಲಾಯಿತು, ನಡುವೆ ಜ್ವರ ಬಂತು, ಅಂಡ 21ನೆಯ ದಿನಕ್ಕೆ ಮುಂದೆ ಹೋಯಿತು. ಹೀಗಾಗುವುದು ಅಪರೂಪವಲ್ಲ. ಮುಟ್ಟಿನಿಂದ ಅಂಡದವರೆಗಿನ ಅವಧಿಯೇ ಹೆಚ್ಚಾಗಿ ಹಿಗ್ಗಿ ಕುಗ್ಗುವುದು. ಅಂಡದಿಂದ ಮುಂದಿನ ಮುಟ್ಟಿನವರೆಗಿನದು ಅಷ್ಟಾಗಿ ಬದಲಾಗದು. ಈಗ ನಿಜವಾಗಿ ಗರ್ಭ ನಿಲ್ಲಬಹುದಾದ ದಿನಗಳು 16ರಿಂದ 21. ಅಂದರೆ ವಾಚು ಬಣ್ಣ ಬಳಿಯದೆ ಬಿಟ್ಟ ದಿನಗಳೇ! ಶಾಖ ಏರುವುದು 22ನೆಯ ದಿನದ ಹೊತ್ತಿಗೆ. ಒಂದು ರಾತ್ರಿಯ ಏರಿಕೆಯನ್ನು ನಂಬುವಂತಿಲ್ಲ, ಮೇಲೆ ಕೆಲವು ರಾತ್ರಿ ಅದು ನಿಲ್ಲಬೇಕು. ಅಷ್ಟರಲ್ಲಿ ರೈಲು ಸ್ಟೇಶನ್ನು ಬಿಟ್ಟಾಗಿದೆ. ಮುಟ್ಟು 30ಕ್ಕೆ ಬಾರದೆ 36ಕ್ಕೆ ಬರುತ್ತದೆ. ನಡುವಿನ ಆರು ದಿನ ಅವಳು ಗರ್ಭವೋ ಏನೋ ಎಂದು ಕುದಿಯುತ್ತಾಳೆ. ಶಾಖದ ಏರಿಕೆಯನ್ನು ವಾಚು ಸರಿಯಾಗಿ ಹಿಡಿದಿದ್ದರೆ ಮುಟ್ಟಿನ ತಾರೀಕನ್ನು ತಿದ್ದಿ ಹೇಳೀತು. ಅದರಿಂದ ಆಗುವ ನಿಜವಾದ ಉಪಕಾರ ಅದೊಂದೇ, ಇಲ್ಲವೆನ್ನುವುದಿಲ್ಲ.

ಆದರೆ ನಮ್ಮ ದುಡಿಮೆಯಲ್ಲಿ ಅದು ಸರಿಯಾಗಿ ಹಿಡಿಯುವುದು ಕಷ್ಟ. ವಾಚು ನೋಡುವುದು ಮುಂಗೈಯ ಚರ್ಮವನ್ನು, ಮೈಯ ಒಳಗನ್ನಲ್ಲ. ಹೊದಿಕೆಯೊಳಗೆ ಕೈ ಇದ್ದರೆ ಒಂದು ಲೆಕ್ಕ, ಫ್ಯಾನಿನ ಕೆಳಗೆ ಇದ್ದರೆ ಇನ್ನೊಂದು. ಪಟ್ಟಿ ಸಡಿಲವಾದರೆ ಲೆಕ್ಕ ತಪ್ಪುತ್ತದೆ. ಜ್ವರ ಬಂದರೂ, ಮದ್ಯ ಕುಡಿದರೂ ಶಾಖ ಏರುತ್ತದೆ. ರಾತ್ರಿಯೆಲ್ಲ ದುಡಿದು ಹಗಲು ಚಾಳಿನ ತಗಡಿನ ಮಾಡಿನ ಕೆಳಗೆ ಮೂರು ಗಂಟೆ ಮಲಗಿ, ನೀರು ಬಂತೆಂದು ಎದ್ದು ಓಡುವವಳಿಗೆ ನಾಲ್ಕು ಗಂಟೆಯ ನಿದ್ದೆ ಎಲ್ಲಿಂದ ಬರಬೇಕು? ಗರ್ಭನಿರೋಧದ ಗುಳಿಗೆ ನುಂಗುವವರಲ್ಲಿ ಸಾಮಾನ್ಯವಾಗಿ ಅಂಡದ ಬಿಡುಗಡೆಯೇ ಆಗದು. ಅವರ ಮಟ್ಟಿಗೆ ಆ ಅಂದಾಜಿಗೆ ಅರ್ಥವೇ ಇಲ್ಲ. ಮುಟ್ಟು ನಿಲ್ಲುವ ವಯಸ್ಸಿನವರಿಗೂ, ಹೊಸತಾಗಿ ಹೆತ್ತವರಿಗೂ ಸರಾಸರಿ ಎಂಬುದೇ ಕೈಕೊಡುತ್ತದೆ. ಶಾಖದ ಗೆರೆ ಒಂದೊಂದು ರಾತ್ರಿ ಗರಗಸದ ಹಲ್ಲಿನಂತೆ ಏರಿ ಇಳಿಯುತ್ತಿದ್ದರೆ, ನಡುನಡುವೆ ರಾತ್ರಿಗಳು ಖಾಲಿ ಇದ್ದರೆ, ಆ ತಿಂಗಳ ಅಂದಾಜನ್ನು ಬದಿಗಿಡಿರಿ. ಒಂದು ಮಟ್ಟದಲ್ಲಿದ್ದ ಗೆರೆ ಮೆಟ್ಟಿಲೇರಿದಂತೆ ಏರಿ ಹತ್ತು ದಿನಕ್ಕಿಂತ ಹೆಚ್ಚು ಮೇಲೆಯೇ ನಿಂತರೆ ಮಾತ್ರ ಅದಕ್ಕೆ ಬೆಲೆ.

ಇಂಥ ಯಂತ್ರವನ್ನು ಸಾಕ್ಷಿಯ ಕಟಕಟೆಗೆ ಏರಿಸುವುದೇ? ಕರ್ನಾಟಕದ ಮಂತ್ರಿಮಂಡಲ 2025ರ ಅಕ್ಟೋಬರಿನಲ್ಲಿ, ಖಾಸಗಿ ಕೆಲಸದವರೂ ಸೇರಿದಂತೆ, ದುಡಿಯುವ ಹೆಂಗಸರಿಗೆ ತಿಂಗಳಿಗೊಂದು ದಿನ ಸಂಬಳಸಹಿತ ಮುಟ್ಟಿನ ರಜೆಯನ್ನು ಒಪ್ಪಿತು. ಇದಕ್ಕೆ ವೈದ್ಯರ ಸರ್ಟಿಫಿಕೇಟನ್ನೂ ಕೇಳಬೇಕಾಗಿಲ್ಲವೆಂದು ಸರಕಾರದ ಆದೇಶ ಹೇಳಿತು. ಡಿಸೆಂಬರಿನಲ್ಲಿ ಅದನ್ನು ಪ್ರಶ್ನಿಸಿ ಹೈಕೋರ್ಟಿನ ಮೆಟ್ಟಿಲು ಹತ್ತಿದವರಲ್ಲಿ ಬೆಂಗಳೂರಿನ ಹೋಟೆಲು ಮಾಲಿಕರ ಸಂಘವೂ ಇತ್ತು, ಊರಿನ ನಮ್ಮವರೇ! ಆ ಆದೇಶ ಮುಂಬಯಿಗೆ ಅನ್ವಯಿಸದು, ನಿಜ. ಆದರೆ ವೈದ್ಯರ ಚೀಟಿಯೂ ಬೇಡವೆಂದು ಒಂದು ಸರಕಾರ ಹೇಳಿರುವಾಗ, ಇಲ್ಲಿಯ ಮೇನೇಜರಿಗೆ ವಾಚಿನ ಚೀಟಿ ಬೇಕೆನ್ನುವ ಅಧಿಕಾರವನ್ನು ಕೊಟ್ಟವರು ಯಾರು?

ಇನ್ನು ಗುಟ್ಟಿನ ಮಾತು. ಆ ಪುಟದಲ್ಲಿ ಮುಟ್ಟಿನ ತಾರೀಕು ಮಾತ್ರ ಇರುವುದಿಲ್ಲ. ಕೂಡಿದ ದಿನ, ಗರ್ಭ ಇವಕ್ಕೂ ಅಂಕಣಗಳಿವೆ. ಅದು ಮಾಲಿಕನ ಕಣ್ಣಿಗೆ ಬಿದ್ದರೆ, ಇನ್ನು ಆರು ತಿಂಗಳಿಗೆ ಹೆರಿಗೆಯ ರಜೆ ಕೇಳುವವಳು ಯಾರೆಂದು ಅವನಿಗೆ ಅವಳ ಗಂಡನಿಗಿಂತ ಮೊದಲೇ ತಿಳಿಯುತ್ತದೆ. ಕೆಲಸದಿಂದ ತೆಗೆಯಲು ಬೇರೆ ನೆವ ಸಿಕ್ಕದೇ? ಕಂಪನಿಗಳನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಫ್ಲೋ ಎಂಬ ಹೆಸರಾಂತ ಮುಟ್ಟಿನ ಲೆಕ್ಕದ ಆ್ಯಪು, ಗುಟ್ಟಾಗಿಡುತ್ತೇವೆಂದು ಮಾತು ಕೊಟ್ಟು, ಹೆಂಗಸರ ವಿವರಗಳನ್ನು ಫೇಸ್‌ಬುಕ್, ಗೂಗಲ್ ಮುಂತಾದವರಿಗೆ ದಾಟಿಸಿತೆಂದು ಅಮೆರಿಕದ ವ್ಯಾಪಾರ ಆಯೋಗ ಆಪಾದಿಸಿತು; 2021ರಲ್ಲಿ ಅದು ಒಪ್ಪಂದಕ್ಕೆ ಬರಬೇಕಾಯಿತು. ಅದೇ ವಿವರಗಳ ವಿಚಾರದಲ್ಲಿ 2025ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಜ್ಯೂರಿ ಫೇಸ್‌ಬುಕ್ಕಿನ ಒಡೆಯ ಮೆಟಾ ಕಂಪನಿ ತಪ್ಪು ಮಾಡಿದೆಯೆಂದು ತೀರ್ಪು ಕೊಟ್ಟಿತು. ನಮ್ಮ ದೇಶದ 2023ರ ದತ್ತಾಂಶ ರಕ್ಷಣೆಯ ಕಾಯಿದೆಯಾದರೋ ಆರೋಗ್ಯದ ವಿವರಕ್ಕೆಂದು ಬೇರೆ ಬೇಲಿಯನ್ನು ಹಾಕಿಲ್ಲ. ಉದ್ಯೋಗದ ಕಾರಣವೆಂದರೆ ಒಪ್ಪಿಗೆಯಿಲ್ಲದೆಯೂ ವಿವರ ಬಳಸಲು ಮಾಲಿಕರಿಗೆ ಒಂದು ಬಾಗಿಲನ್ನು ತೆರೆದಿಟ್ಟಿದೆ. ಆದುದರಿಂದ ಬೇಲಿಯನ್ನು ನಾವೇ ಕಟ್ಟಬೇಕು.

ಭಗಿನಿಯರು ಮಾಡಬೇಕಾದುದು ಇಷ್ಟು. ಬೇಕೆನಿಸಿದರೆ ತಾರೀಕನ್ನು ಮಾತ್ರ ಬರೆಯಿರಿ; ಉಳಿದ ಅಂಕಣಗಳು ಖಾಲಿ ಇದ್ದರೆ ವಾಚು ಉಪವಾಸ ಬೀಳುವುದಿಲ್ಲ. ಫೋನಿಗೆ ಗುಪ್ತ ಸಂಖ್ಯೆಯ ಬೀಗ ಹಾಕಿರಿ, ಅದನ್ನು ಕೋಣೆಯಲ್ಲಿ ನಾಲ್ಕು ಮಂದಿಗೆ ಹೇಳಬೇಡಿರಿ. "ಮುಟ್ಟು ಹತ್ತಿರವಾಯಿತು" ಎಂಬ ಸೂಚನೆ ಬೀಗ ಹಾಕಿದ ಪರದೆಯ ಮೇಲೂ ಬರುತ್ತದೆ, ಅದನ್ನು ನಿಲ್ಲಿಸಿರಿ. ಆರೋಗ್ಯದ ವಿವರ ಯಾರ ಜೊತೆ ಹಂಚಿದೆ, ಯಾವ ಆ್ಯಪಿಗೆ ಓದಲು ಅನುಮತಿ ಇದೆ ಎಂಬ ಪಟ್ಟಿ ಫೋನಿನಲ್ಲೇ ಇರುತ್ತದೆ. ಅದನ್ನು ತೆರೆದು ಬೇಡದವರನ್ನು ತೆಗೆಯಿರಿ. ಆ್ಯಪನ್ನು ಅಳಿಸಿದರೆ ಕಂಪನಿಯ ಬಳಿಯಿರುವ ಬರಹ ಅಳಿಯದು. ಮೊದಲು ಖಾತೆಯನ್ನೇ ಅಳಿಸಿ ಆಮೇಲೆ ಆ್ಯಪನ್ನು ತೆಗೆಯಬೇಕು. ವಾಚನ್ನು ಮಾರುವಾಗಲೂ ಊರಿನ ತಂಗಿಗೆ ಕೊಡುವಾಗಲೂ ಫೋನಿನಿಂದ ಬಿಡಿಸಿ ಪೂರ್ತಿ ಒರಸಿ ಕೊಡಿರಿ. ಮಾಲಿಕರು ಪುಕ್ಕಟೆ ಕೊಟ್ಟ ವಾಚಿನಲ್ಲಾಗಲಿ ಅವರ ಖಾತೆಯಲ್ಲಾಗಲಿ ಮುಟ್ಟಿನ ಮಾತು ಒಂದಕ್ಷರವೂ ಬೇಡ.

ಗಂಡಸು ಬಂಧುಗಳಿಗೂ ಒಂದು ಮಾತು. ಹೆಂಡತಿಯ, ತಂಗಿಯ ಫೋನು ತೆರೆದು ಆ ಪುಟ ನೋಡುವ ಹಕ್ಕು ನಮಗೂ ಇಲ್ಲ. ಮೇನೇಜರಿಗೆ ಬೇಡವೆಂದು ಕೂಗಿ, ಮನೆಯಲ್ಲಿ ನಾವೇ ಮೇನೇಜರಾಗುವುದು ಸಂಘದವರಿಗೆ ಭೂಷಣವಲ್ಲ.

ಸಂಘದ ಬೇಡಿಕೆಗಳು ಎರಡೇ. ರಜೆಗಾಗಲಿ, ಪಾಳಿ ಬದಲಿಸುವುದಕ್ಕಾಗಲಿ ಯಾರ ವಾಚನ್ನೂ ಫೋನನ್ನೂ ಕೇಳಕೂಡದು. ಮುಟ್ಟಿನ ರಜೆಗೆ ಹೆಣ್ಣುಮಗಳ ಬಾಯಿಮಾತೇ ಸಾಕು. ಇವೆರಡನ್ನು ಬರೆದು ಸಹಿ ಹಾಕಿ ಗಲ್ಲಾದ ಹಿಂದಿನ ಗೋಡೆಗೆ ಅಂಟಿಸಲಿ. ಯಾರಾದರೂ ನಿಮ್ಮ ಫೋನು ಕೇಳಿದರೆ ತೆರೆಯಬೇಡಿರಿ. ಕೇಳಿದವರ ಹೆಸರು, ದಿನ, ಹೊತ್ತು ಬರೆದು ಸಂಘದ ಕಛೇರಿಗೆ ತನ್ನಿರಿ. ಆ ಲೆಕ್ಕವನ್ನು ನಾವು ಇಟ್ಟುಕೊಳ್ಳುತ್ತೇವೆ.