ಕೋರಿಕೆ ನಿಲುಗಡೆ: ನನ್ನ ಮೊದಲ ಪುಸ್ತಕ ಬರ್ತಿದೆ

ಈ ಸಲದ ಅಂಕಣದಲ್ಲಿ ಸ್ವಲ್ಪ ಸ್ವಾರ್ಥ ಇದೆ, ಮೊದಲೇ ಹೇಳಿಬಿಡ್ತೀನಿ. ನನ್ನ ಮೊದಲ ಪುಸ್ತಕ ಬರ್ತಿದೆ. ಹೆಸರು ‘ಕೋರಿಕೆ ನಿಲುಗಡೆ’. ಹದಿಮೂರು ಪ್ರಬಂಧಗಳು, 128 ಪುಟ, ಬೆಲೆ 160 ರೂಪಾಯಿ. ಬರುವ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಬಸವನಗುಡಿಯ ವಾಡಿಯಾ ಸಭಾಂಗಣದಲ್ಲಿ ಬಿಡುಗಡೆ. ಹತ್ತು ಗಂಟೆಗೆ ಬಂದವರಿಗೆ ಉಪ್ಪಿಟ್ಟು, ಕಾಫಿ ಸಿಗುತ್ತೆ.

ಅಪ್ಪ ಹಾಸನದ ಕಡೆ ಸರ್ಕಾರಿ ಬಸ್‌ನಲ್ಲಿ ಕಂಡಕ್ಟರ್ ಆಗಿದ್ದವರು. ಪುಸ್ತಕದ ಅರ್ಧ ಅವರ ಬಸ್ಸು, ಇನ್ನರ್ಧ ಬೆಂಗಳೂರಿನಲ್ಲಿ ನನ್ನ ಕ್ಯಾಬು, ಮೆಟ್ರೋ, ಆಫೀಸು. ಹಾಗಾಗಿ ಮೊದಲ ಪ್ರೂಫ್ ಬಂದ ತಕ್ಷಣ ಪ್ರಿಂಟ್ ತೆಗೆಸಿ ಊರಿಗೆ ಕಳಿಸಿದೆ. ಅಪ್ಪ ಕೆಂಪು ಪೆನ್ನು ಹಿಡಿದು, ಹಿಂದೆ ರಾತ್ರಿ ವೇಬಿಲ್ ಲೆಕ್ಕ ಮಾಡ್ತಿದ್ದ ಹಾಗೆಯೇ ಸಾಲು ಸಾಲು ಬೆರಳಿಟ್ಟು ಓದಿದರಂತೆ. ಮೂರನೇ ದಿನ ಫೋನು.

“ಅಲ್ಲ ಪುಟ್ಟಿ, ಬಸ್ ಅನ್ನೋದನ್ನೇ ತಪ್ಪು ಬರೆದಿದ್ದೀಯಲ್ಲ? ಸ ಕೆಳಗೆ ನ ಒತ್ತು ಕೊಟ್ಟಿದ್ದೀಯ.”

ನೋಡಿದರೆ ಹೌದು. ‘ಬಸ್‌ನಲ್ಲಿ’ ಅನ್ನೋದು ಎಲ್ಲ ಕಡೆ ‘ಬಸ್ನಲ್ಲಿ’ ಆಗಿತ್ತು. ‘ಸಾಫ್ಟ್‌ವೇರ್’ ಅನ್ನೋದು ‘ಸಾಫ್ಟ್ವೇರ್’ ಆಗಿತ್ತು. ನಾನು ಮೊದಲು ಡಿಟಿಪಿ ಮಾಡಿದವರ ಮೇಲೆ ಅನುಮಾನಪಟ್ಟೆ. ಆಮೇಲೆ ಗೊತ್ತಾಯ್ತು, ತಪ್ಪು ನನ್ನದೇ.

ಕನ್ನಡದಲ್ಲಿ ಅರ್ಧಾಕ್ಷರದ ಮುಂದೆ ಇನ್ನೊಂದು ವ್ಯಂಜನ ಬಂದರೆ ಅದು ತಾನಾಗಿ ಒತ್ತಾಗಿ ಕೆಳಗೆ ಹೋಗುತ್ತೆ. ಹಾಗೆ ಹೋಗದಂತೆ ತಡೆಯೋಕೆ ಎರಡರ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತೆ. ಯುನಿಕೋಡ್‌ನಲ್ಲಿ ಅದರ ನಂಬರು `U+200C`. ಹಸ್ತಪ್ರತಿ ಕಳಿಸುವ ಮುಂಚೆ, ಫೋನು, ಮೇಲ್, ವರ್ಡ್ ಫೈಲ್ ಎಲ್ಲ ಕಡೆಯಿಂದ ತಂದು ಸೇರಿಸಿದ ಬರಹವನ್ನು ‘ಕ್ಲೀನ್’ ಮಾಡೋಣ ಅಂತ ನಾನೊಂದು ಪುಟ್ಟ ಸ್ಕ್ರಿಪ್ಟ್ ಓಡಿಸಿದ್ದೆ. ಆಫೀಸಿನಲ್ಲಿ ದಿನಾ ಮಾಡುವ ಕೆಲಸ, ಕಣ್ಣು ಮುಚ್ಚಿಕೊಂಡು ಮಾಡಿದೆ:

```
text = re.sub("[\u200b-\u200d\ufeff]", "", text)
```

ಕಾಣದ ಅಕ್ಷರ ಅಂದರೆ ಕಸ ಅಂದುಕೊಂಡಿದ್ದೆ. ಆ ಸಾಲು `U+200C` ಜೊತೆಗೆ `U+200D` ಅನ್ನೂ ಅಳಿಸಿತ್ತು. ಈ ಎರಡನೆಯದು ಹೋದರೆ ‘ರ್‍ಯಾಂಕ್’ ಬರೆದದ್ದು ಅರ್ಕಾವೊತ್ತಿನ ‘ರ್ಯಾಂಕ್’ ಆಗುತ್ತೆ. ಇಂಗ್ಲಿಷ್ ಕೋಡಿನಲ್ಲಿ ಈ ಎರಡು ಅಕ್ಷರಗಳಿಂದ ತೊಂದರೆಯೇ ಹೆಚ್ಚು, ಕನ್ನಡದಲ್ಲಿ ಕಾಗುಣಿತವೇ ಅವುಗಳ ಮೇಲೆ ನಿಂತಿದೆ. ನೀವೂ ಯಾವತ್ತಾದರೂ ಕನ್ನಡ ಬರಹ ಅಚ್ಚಿಗೆ ಕೊಡೋದಾದರೆ, ಕಳಿಸುವ ಫೈಲ್‌ನಲ್ಲಿ ‘ಸಾಫ್ಟ್‌ವೇರ್’ ಅಥವಾ ‘ಬಸ್‌ನಲ್ಲಿ’ ಥರದ ಒಂದು ಪದ ಹುಡುಕಿ ನೋಡಿ. ಅದು ಸರಿಯಿದ್ದರೆ ಬಹುತೇಕ ಉಳಿದದ್ದೂ ಸರಿಯಿರುತ್ತೆ.

ಫೈಲ್ ಸರಿ ಮಾಡೋದು ಐದು ನಿಮಿಷದ ಕೆಲಸ. ಆದರೆ ಅಷ್ಟರಲ್ಲಿ ಬರಹ ಯುನಿಕೋಡ್‌ನಿಂದ ನುಡಿ ಫಾಂಟಿಗೆ ಬದಲಾಗಿ, ಪುಟ ಕಟ್ಟಿ ಆಗಿತ್ತು. ಅಲ್ಲಿ ನನ್ನ ಸ್ಕ್ರಿಪ್ಟ್ ನಡೆಯಲ್ಲ. ಒಂದೊಂದೇ ಪದ ಕೈಯಲ್ಲೇ ತಿದ್ದಬೇಕು. ಅಪ್ಪ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ ಪುಟಗಳ ಫೋಟೋಗಳೇ ಡಿಟಿಪಿಯವರಿಗೆ ಹೋದವು. ಹೀಗೆ ಪುಸ್ತಕದ ಪ್ರೂಫ್ ರೀಡರ್ ಅಪ್ಪನೇ ಆದರು.

ಇಷ್ಟಾದ ಮೇಲೆ ಇನ್ನೊಂದು ತೊಡಕು ಬಂತು. ಪುಸ್ತಕ ಡೆಮಿ 1/8 ಅಳತೆಯದು. ಇಂಥ ಪುಸ್ತಕವನ್ನು ಹದಿನಾರು ಪುಟದ ಫಾರಂಗಳಲ್ಲಿ ಅಚ್ಚು ಹಾಕ್ತಾರೆ. ಅಂದರೆ ಎಂಟು ಫಾರಂಗೆ 128 ಪುಟ. ನನ್ನದು 136ಕ್ಕೆ ನಿಂತಿತ್ತು. ಉಳಿದ ಎಂಟು ಪುಟಕ್ಕೆ ಅರ್ಧ ಫಾರಂ ಬೇಕು, ಅದಕ್ಕೂ ಬೇರೆ ಪ್ಲೇಟು, ಬೇರೆ ಮಷೀನ್ ಕೂಲಿ. ನಾವು ಹಾಕಿಸ್ತಿರೋದೇ 500 ಪ್ರತಿ. ಆ ಖರ್ಚು 500 ಪ್ರತಿಗಳ ಮೇಲೆ ಹಂಚಿದರೆ ಬೆಲೆ 175 ಆಗುತ್ತೆ ಅಂದರು ಪ್ರಕಾಶಕರು. “ಎಂಟು ಪುಟ ಕಡಿಮೆ ಮಾಡಕ್ಕಾಗುತ್ತಾ ನೋಡಿ.”

ಸರಿಯಾಗಿ ಎಂಟೆಂಟು ಪುಟದ ಪ್ರಬಂಧ ಎರಡಿದ್ದವು. ಒಂದು ನಮ್ಮ ಆಫೀಸಿನ ಹ್ಯಾಕಥಾನ್ ಬಗ್ಗೆ. ಇನ್ನೊಂದರ ಹೆಸರು ‘ಅರ್ಧ ಟಿಕೆಟ್’. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಪ್ಪ ಮೂರು ತಿಂಗಳು ಸಸ್ಪೆಂಡ್ ಆಗಿದ್ದರು, ಅದರ ಬಗ್ಗೆ. ಅದನ್ನ ಅಪ್ಪನನ್ನು ಕೇಳದೇ ಬರೆದಿದ್ದೆ. ಪ್ರೂಫ್ ಕಳಿಸುವಾಗ ಎದೆ ಡವಡವ ಅಂತಿದ್ದದ್ದೂ ಅದಕ್ಕೇ. ಅವರು ಒತ್ತಕ್ಷರದ ಬಗ್ಗೆ ಅರ್ಧ ಗಂಟೆ ಮಾತಾಡಿದ್ದರು, ಆ ಪ್ರಬಂಧದ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ತೆಗೆಯೋಕೆ ಈಗ ಒಳ್ಳೇ ನೆಪ ಸಿಕ್ಕಿತ್ತು. ಫೋನ್ ಮಾಡಿ, “ಅಪ್ಪ, ಪುಟ ಜಾಸ್ತಿ ಆಗಿದೆ, ‘ಅರ್ಧ ಟಿಕೆಟ್’ ತೆಗೀತಿದೀನಿ” ಅಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

“ಅದನ್ನ ತೆಗೀಬೇಡ. ಸಸ್ಪೆಂಡ್ ಆಗಿದ್ದು ಊರಿಗೆಲ್ಲ ಗೊತ್ತು. ಯಾಕೆ ಅಂತ ಮಾತ್ರ ಯಾರಿಗೂ ಗೊತ್ತಿಲ್ಲ.”

ಮತ್ತೆ ಅವರೇ, “ನೀನು ಒಂದು ವಿಷಯ ಬಿಟ್ಟಿದ್ದೀಯ. ನಾನು ಹೇಳಿರಲಿಲ್ಲ, ನಿಂಗೆ ಹೇಗೆ ಗೊತ್ತಾಗಬೇಕು? ಆ ಮಗು ಸುಳ್ಳು ಹೇಳಲಿಲ್ಲ. ಅದನ್ನೂ ಬರಿ” ಅಂದರು.

ಹ್ಯಾಕಥಾನ್ ಹೋಯ್ತು. ‘ಅರ್ಧ ಟಿಕೆಟ್’ ಉಳೀತು. ಅದರ ಶುರುವಿನ ಭಾಗ ಇಲ್ಲಿದೆ, ಓದಿ.

*

ಆ ರಾತ್ರಿ ಅಪ್ಪ ಒಂಬತ್ತಕ್ಕೆಲ್ಲ ಮನೆಗೆ ಬಂದರು. ಬುಧವಾರ ನೈಟ್ ಹಾಲ್ಟಿನ ದಿನ. ಮಾರನೆಯ ದಿನ ಮಧ್ಯಾಹ್ನದವರೆಗೆ ಅವರು ಬರುವಂತಿರಲಿಲ್ಲ. ಹೆಗಲಲ್ಲಿ ಚರ್ಮದ ಬ್ಯಾಗು ಇರಲಿಲ್ಲ. ಅಮ್ಮ ಏನೂ ಕೇಳದೆ ತಟ್ಟೆ ಹಾಕಿದಳು. ಅಪ್ಪ ಬಚ್ಚಲಿಗೆ ಹೋಗಿ ಕೈ ತೊಳೆದು ಬಂದರು, ಕೂತರು, ಎದ್ದು ಹೋಗಿ ಇನ್ನೊಮ್ಮೆ ತೊಳೆದು ಬಂದರು.

“ಒಂದು ಮಗೂಗೆ ಅರ್ಧ ಟಿಕೆಟ್ ಹರೀಲಿಲ್ಲ” ಅಂದರು.

“ಯಾವ ಮಗು?”

“ಯಾರೋ. ಆ ಹೆಂಗಸಿನ ಹತ್ರ ಒಂದು ಟಿಕೆಟ್ಟಿಗೆ ಮಾತ್ರ ದುಡ್ಡಿತ್ತು. ಮಗೂಗೆ ಆರು ತುಂಬಿಲ್ಲ ಅಂದ್ಲು. ತುಂಬಿತ್ತು. ನಂಗೂ ಗೊತ್ತಿತ್ತು.”

ಎರಡು ಸ್ಟಾಪು ದಾಟಿದ ಮೇಲೆ ಚೆಕಿಂಗಿನವರು ಹತ್ತಿದರಂತೆ. ಅವರಲ್ಲೊಬ್ಬರು ಆ ಮಗುವಿನ ಮುಂದೆ ಬಗ್ಗಿ, ಗದರದೆ, ತಮ್ಮ ಮನೆಯ ಮಗುವನ್ನು ಕೇಳುವ ಹಾಗೆ, “ಎಷ್ಟು ವರ್ಷ ನಿಂಗೆ?” ಅಂದರಂತೆ. ತಾಯಿ ಅದಕ್ಕೆ ಏನೂ ಹೇಳಿಕೊಟ್ಟಿರಲಿಲ್ಲ.

“ಏಳು” ಅಂದಿತು ಮಗು. ಹೇಳಿ ಅಪ್ಪನ ಮುಖ ನೋಡಿ ನಕ್ಕಿತಂತೆ, ಸರಿಯಾದ ಉತ್ತರ ಕೊಟ್ಟ ಖುಷಿಗೆ.

ಅಪ್ಪ ಅನ್ನ ಕಲಸುತ್ತಲೇ ಇದ್ದರು. ನನಗೆ ಆಗ ಒಂಬತ್ತು. ಅಪ್ಪನ ಬಸ್ಸಿನಲ್ಲಿ ಹೋಗುವಾಗಲೆಲ್ಲ ನನಗೂ ಅವರು ಜೇಬಿನಿಂದ ದುಡ್ಡು ತೆಗೆದು ಬ್ಯಾಗಿಗೆ ಹಾಕಿ, ಅರ್ಧ ಟಿಕೆಟ್ ಹರಿದು ಕೈಗೆ ಕೊಡುತ್ತಿದ್ದರು. ಆ ದಿನ ಯಾಕೆ ಜೇಬಿಗೆ ಕೈ ಹಾಕಲಿಲ್ಲ ಅಂತ ಕೇಳಬೇಕೆನಿಸಿತು. ಕೇಳಲಿಲ್ಲ. ಉತ್ತರ ಸಿಕ್ಕಿದ್ದು ಎಂಟನೇ ದಿನ. ಅವತ್ತು ಬೆಳಿಗ್ಗೆ ಬಾಗಿಲು ತೆರೆದರೆ, ಒಬ್ಬ ಹೆಂಗಸು ಒಂದು ಮಗುವಿನ ಕೈ ಹಿಡಿದು ನಿಂತಿದ್ದಳು.

*

ಮುಂದಿನದು ಪುಸ್ತಕದಲ್ಲಿ. ಈಗ ಎಲ್ಲಿ ಕೊಳ್ಳೋದು ಅಂತ ಹೇಳ್ತೀನಿ. ಅದರ ಹಿಂದಿನ ಲೆಕ್ಕಾನೂ ಹೇಳ್ತೀನಿ, ಕಂಡಕ್ಟರ್ ಮಗಳು ತಾನೇ.

ಭಾನುವಾರ ಸಭಾಂಗಣದಲ್ಲಿ ಶೇಕಡಾ 20 ರಿಯಾಯಿತಿ, ಅಂದರೆ 128 ರೂಪಾಯಿ. ಬೆಂಗಳೂರಿನಲ್ಲಿಲ್ಲದವರು ಪ್ರಕಾಶಕರ ವೆಬ್‌ಸೈಟಿನಲ್ಲಿ ತರಿಸಿಕೊಳ್ಳಬಹುದು, ಈ ತಿಂಗಳ ಕೊನೆಯವರೆಗೆ ಅಲ್ಲೂ ಅದೇ ಬೆಲೆ. ಆದರೆ ಅಂಚೆ ವೆಚ್ಚ ಬೇರೆ. ಒಂದೇ ಪುಸ್ತಕಕ್ಕೆ ಅಂಚೆ ವೆಚ್ಚ ಕೊಟ್ಟರೆ ರಿಯಾಯಿತಿ ಅಲ್ಲಿಗೇ ಮುಗಿದುಹೋಗುತ್ತೆ. ಆಫೀಸಿನ ಗೆಳೆಯರು ಮೂರು ನಾಲ್ಕು ಜನ ಸೇರಿ ಒಂದೇ ಪಾರ್ಸಲ್ ತರಿಸೋದು ಮೇಲು.

ಒಂದು ಪ್ರತಿಗೆ ಪುಟ ಕಟ್ಟೋದು, ಕಾಗದ, ಅಚ್ಚು, ಬೈಂಡಿಂಗ್ ಸೇರಿ ನಮಗೆ ಸುಮಾರು 60 ರೂಪಾಯಿ ಬಿದ್ದಿದೆ. ಮುಖಬೆಲೆಯ ಶೇಕಡಾ 10 ನನ್ನ ಗೌರವಧನ, ಅಂದರೆ 16 ರೂಪಾಯಿ. ಅಂಗಡಿ ಮತ್ತು ವಿತರಕರ ಪಾಲು ನಮ್ಮ ಒಪ್ಪಂದದಲ್ಲಿ ಶೇಕಡಾ 40, ಅಂದರೆ 64. ಅಂಗಡಿಯಲ್ಲಿ ಮಾರಿದ ಪ್ರತಿಯಿಂದ ಪ್ರಕಾಶಕರಿಗೆ ಉಳಿಯೋದು 20 ರೂಪಾಯಿ. ನೇರವಾಗಿ 128ಕ್ಕೆ ಕೊಟ್ಟರೂ 52 ಉಳಿಯುತ್ತೆ. ನನ್ನ 16 ಎರಡರಲ್ಲೂ ಅಷ್ಟೇ. ಹೊಸಬರ ಪುಸ್ತಕಕ್ಕೆ ದುಡ್ಡು ಹಾಕಿದ ಪ್ರಕಾಶಕರಿಗೆ ಈ ವ್ಯತ್ಯಾಸ ದೊಡ್ಡದು.

ಹಾಗಂತ ಅಂಗಡಿ ಬೇಡ ಅಂತ ನಾನು ಹೇಳಲ್ಲ. ನೇರವಾಗಿ ಕೊಳ್ಳೋರು ನನ್ನ ಹೆಸರು ಗೊತ್ತಿರೋರು, ನೀವು. ನನ್ನ ಹೆಸರೇ ಕೇಳದ ಓದುಗರ ಕೈಗೆ ಪುಸ್ತಕ ಸಿಗೋದು ಅಂಗಡಿಯ ಕಪಾಟಿನಲ್ಲೇ. ಅಲ್ಲಿ ತೊಡಕು ಏನಂದರೆ, ಹೊಸಬರ ಪುಸ್ತಕವನ್ನು ಅಂಗಡಿಯವರು ಸಾಮಾನ್ಯವಾಗಿ ಎರಡೋ ಮೂರೋ ಪ್ರತಿ ಇಟ್ಟುಕೊಳ್ತಾರೆ. ಮಾರಾಟ ಆಗದಿದ್ದರೆ ವಾಪಸ್ ಕಳಿಸ್ತಾರೆ. ಆದ್ದರಿಂದ ಗಾಂಧಿಬಜಾರಿನ ಅಂಕಿತ, ಗಾಂಧಿನಗರದ ಸಪ್ನ, ಅಥವಾ ನಿಮ್ಮೂರಿನ ಯಾವುದೇ ಕನ್ನಡ ಪುಸ್ತಕದ ಅಂಗಡಿಗೆ ಹೋದಾಗ ಕೇಳಿ. ಇಲ್ಲ ಅಂದರೆ ಪುಸ್ತಕದ ಹೆಸರು, ಲೇಖಕಿಯ ಹೆಸರು ಬರೆದು ಕೊಟ್ಟು ತರಿಸಿಕೊಡಿ ಅನ್ನಿ. ಒಬ್ಬರು ಕೇಳಿದರೆ ಮರೆತುಹೋಗಬಹುದು. ಒಂದೇ ವಾರದಲ್ಲಿ ಮೂವರು ಕೇಳಿದರೆ ತರಿಸ್ತಾರೆ.

ಈ 500 ಪ್ರತಿ ಮುಗಿದರೆ ಎರಡನೇ ಮುದ್ರಣ ಅಂದಿದ್ದಾರೆ ಪ್ರಕಾಶಕರು. ಹ್ಯಾಕಥಾನ್ ಪ್ರಬಂಧವನ್ನ ಆಗ ಸೇರಿಸೋಣವಾ ಅಂತ ಅಪ್ಪನನ್ನು ಕೇಳಿದೆ. “ಬೇಡ ಬಿಡು, ಅದು ನಂಗೆ ಅರ್ಥಾನೇ ಆಗಲಿಲ್ಲ” ಅಂದರು.

ಭಾನುವಾರ ಅವರು ಹಾಸನದಿಂದ ಬೆಳಿಗ್ಗೆ ಐದರ ಬಸ್ಸಿಗೆ ಹೊರಡ್ತಾರೆ. ಕಾರು ಕಳಿಸ್ತೀನಿ ಅಂದರೂ ಒಪ್ಪಲಿಲ್ಲ. ಮುಂದಿನ ಸಾಲಿನಲ್ಲಿ, ಅಂಗಿ ಜೇಬಿಗೆ ಕೆಂಪು ಪೆನ್ನು ಸಿಕ್ಕಿಸಿಕೊಂಡು ಕೂತಿರ್ತಾರೆ. ಪುಸ್ತಕದಲ್ಲಿ ಇನ್ನೂ ಒತ್ತಕ್ಷರದ ತಪ್ಪು ಉಳಿದಿದ್ದರೆ ನನಗಲ್ಲ, ಅವರಿಗೇ ಹೇಳಿ.